ಕವಡೆಯ ಲೆಕ್ಕಕ್ಕೆ ನಗುವವರು

ವಕೀಲರ ನೋಟೀಸಿನ ಭಾಷೆಯಲ್ಲಿ ಬರೆದ ಒಂದು ಮೀಮ್ ವರ್ಷಕ್ಕೆ ನಾಲ್ಕಾರು ಬಾರಿಯಾದರೂ ಬೇರೆ ಬೇರೆ ವೇಷದಲ್ಲಿ ನಮ್ಮ ಫೋನುಗಳಿಗೆ ಬಂದು ಬೀಳುತ್ತದೆ. ಮೇಲೆ ತಕ್ಕಡಿಯ ಲಾಂಛನ, ಕೆಳಗೆ ‘ಈ ಮೂಲಕ ತಿಳಿಯಪಡಿಸುವುದೇನೆಂದರೆ’ ಎಂಬ ಒಕ್ಕಣೆ, ನಡುವೆ ಕಳೆದ ಶನಿವಾರದ ಪನೀರ್ ಟಿಕ್ಕಾದಲ್ಲಿ ಒಂದೂವರೆ ತುಂಡು ತಿಂದ ಆರೋಪ, ಕೊನೆಗೆ ನಲವತ್ತಮೂರು ರೂಪಾಯಿ ಬಾಕಿಯನ್ನು ಏಳು ದಿನದೊಳಗೆ ಪಾವತಿಸದಿದ್ದರೆ ಗೆಳೆತನವನ್ನು ಮುಟ್ಟುಗೋಲು ಹಾಕಿಕೊಳ್ಳಲಾಗುವುದೆಂಬ ಎಚ್ಚರಿಕೆ. ಇದೇ ಜಾತಿಯಲ್ಲಿ ಬ್ಯಾಂಕಿನ ಸಾಲ ವಸೂಲಿ ಪತ್ರದ ಅಣಕವಿದೆ, ಲೆಕ್ಕಪರಿಶೋಧಕರ ವರದಿಯ ಅಣಕವಿದೆ, ಬಿಲ್ಲು ಬಂದಾಗ ಶೌಚಾಲಯಕ್ಕೆ ಹೋದ ಗೆಳೆಯನಿಗೆ ಶ್ರದ್ಧಾಂಜಲಿಯ ಅಣಕವೂ ಇದೆ. ಗಂಭೀರ ಮುಖ ಮಾಡಿಕೊಂಡು ಕ್ಷುಲ್ಲಕ ವಿಷಯವನ್ನು ಹೇಳುವುದು ಹಾಸ್ಯದ ಹಳೆಯ ಉಪಾಯ. ಅದರ ಬಗ್ಗೆ ನನಗೇನೂ ತಕರಾರಿಲ್ಲ. ನನ್ನ ತಕರಾರು ಈ ನಗು ಯಾರ ಮೇಲೆ ಬೀಳುತ್ತಿದೆ ಎಂಬುದರ ಬಗ್ಗೆ.

ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿ ಈ ಮೀಮುಗಳಿಗೆ ಒಂದು ಸಿದ್ಧ ಪಾತ್ರವಿದೆ. ‘ಬಕಾ’ ಎಂದು ಗೆಳೆಯನ ಹೆಗಲ ಮೇಲೆ ಕೈಹಾಕುವ, ಆದರೆ ಮನಸ್ಸಿನೊಳಗೆ ಕ್ಯಾಲ್ಕುಲೇಟರ್ ಇಟ್ಟುಕೊಂಡ ಗುಜರಾತಿ ಹುಡುಗ. ಈ ಪಾತ್ರವನ್ನು ಹೊರಗಿನವರು ಹೆಣೆದರು, ಒಳಗಿನವರು ಖುಷಿಯಿಂದಲೇ ಒಪ್ಪಿಕೊಂಡರು. ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುವುದರಲ್ಲಿ ಗುಜರಾತಿಗಳಿಗಿರುವ ಧಾರಾಳವನ್ನು ಅವರ ಬಗ್ಗೆ ಮೀಮು ಮಾಡುವವರು ಗಮನಿಸಿದಂತಿಲ್ಲ. ಉದ್ಯೋಗಕ್ಕೆಂದು ಈ ಊರುಗಳಿಗೆ ಬಂದು ನೆಲೆಸಿದ ನಮ್ಮಂಥ ಕನ್ನಡಿಗರ ಗುಂಪುಗಳಲ್ಲಂತೂ ಈ ಚಿತ್ರಗಳು ಒಂದು ತೃಪ್ತಿಯ ಟಿಪ್ಪಣಿಯೊಡನೆ ಹರಿದಾಡುತ್ತವೆ: ‘ನೋಡಿ, ಇವರು ಹೀಗೆ, ನಮ್ಮಲ್ಲಿ ಹೀಗಿಲ್ಲ.’ ನಮ್ಮಲ್ಲಿ ಹೇಗಿದೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

ನಾನು ಹೇಳಹೊರಟಿರುವುದು ಇಷ್ಟು. ಬಿಲ್ಲು ಹಂಚಿಕೊಳ್ಳುವ ಮೀಮಿನಲ್ಲಿ ನಗೆಪಾಟಲಾಗುವವನು ಯಾವಾಗಲೂ ಲೆಕ್ಕ ಕೇಳಿದವನು. ಹೆಚ್ಚು ತಿಂದು ಸಮಪಾಲು ಕೊಟ್ಟವನ ಮೇಲೆ ಮೀಮು ಅಪರೂಪ. ಹೀಗಾಗಿ ಈ ಹಾಸ್ಯ ಮೇಲುನೋಟಕ್ಕೆ ಜಿಪುಣತನದ ವಿರುದ್ಧ ಇದ್ದಂತೆ ಕಂಡರೂ, ಆಚರಣೆಯಲ್ಲಿ ಜೇಬು ಗಟ್ಟಿಯಿರುವವನ ಪರವಾಗಿ, ಕಡಿಮೆ ಸಂಪಾದನೆಯವನ ಬಾಯಿ ಕಟ್ಟುವ ಕೆಲಸ ಮಾಡುತ್ತದೆ.

ಇದನ್ನು ಪರೀಕ್ಷಿಸಲು ಗುಜರಾತಿನ ಊರುಗಳಷ್ಟು ತಕ್ಕ ಜಾಗ ಬೇರೆ ಇಲ್ಲ. ಕಾರಣ, ಅಲ್ಲಿನ ಪಾನನಿಷೇಧ. ಬೆಂಗಳೂರಿನಲ್ಲಾಗಲಿ ಮುಂಬಯಿಯಲ್ಲಾಗಲಿ ಸಮಪಾಲಿನ ಜಗಳ ಶುರುವಾಗುವುದೇ ಕುಡಿಯುವವನು ಮತ್ತು ಕುಡಿಯದವನು ಒಂದೇ ಮೇಜಿಗೆ ಕೂತಾಗ. ಅಲ್ಲಿ ಅಸಮಾನತೆ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. ‘ಡ್ರಿಂಕ್ಸ್ ಬೇರೆ ಬಿಲ್ಲು ಮಾಡಿ’ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. 1949ರ ಬಾಂಬೆ ಪಾನನಿಷೇಧ ಕಾಯ್ದೆಯನ್ನು 1960ರಲ್ಲಿ ರಾಜ್ಯವಾದಂದಿನಿಂದಲೂ ಮುಂದುವರಿಸಿಕೊಂಡು ಬಂದ ಗುಜರಾತಿನಲ್ಲಿ ಈ ಸುಲಭದ ಗೆರೆ ಇಲ್ಲ. (2023ರ ಕೊನೆಯಲ್ಲಿ ಗಾಂಧಿನಗರದ ಗಿಫ್ಟ್ ಸಿಟಿಗೆ ಕೊಟ್ಟ ವಿನಾಯಿತಿ ನಮ್ಮ ಗೆಳೆಯರ ಗುಂಪಿನ ಮೇಜಿನ ತನಕ ಬರುವಂಥದ್ದಲ್ಲ.) ಮೇಜಿನ ಮೇಲಿರುವುದೆಲ್ಲ ಬಹುಪಾಲು ಸಸ್ಯಾಹಾರ, ಎಲ್ಲವೂ ಸಾತ್ವಿಕ, ಎಲ್ಲವೂ ‘ಶೇರಿಂಗ್’. ಆದ್ದರಿಂದ ಅಸಮಾನತೆ ಅಡಗಿಕೊಳ್ಳುವುದು ಬೇರೆ ಕಡೆ: ಚೀಸಿನಲ್ಲಿ, ಮಾಕ್‌ಟೇಲಿನಲ್ಲಿ, ಕೊನೆಯ ಸಿಜ್ಲಿಂಗ್ ಬ್ರೌನಿಯಲ್ಲಿ. ಈರುಳ್ಳಿ, ಬೆಳ್ಳುಳ್ಳಿ ತಿನ್ನದ ಜೈನ ಗೆಳತಿ ಮೇಜಿನ ಅರ್ಧ ತಟ್ಟೆಗಳನ್ನು ಮುಟ್ಟುವುದಿಲ್ಲ. ಚಾತುರ್ಮಾಸದಲ್ಲಿ ಸೂರ್ಯಾಸ್ತದ ನಂತರ ಊಟವನ್ನೇ ಬಿಟ್ಟವಳು ಗೆಳೆಯರ ಜೊತೆಗಾಗಿ ಬಂದು ಕೂತಿರುತ್ತಾಳೆ. ಅವಳನ್ನು ಲೆಕ್ಕದಿಂದ ಬಿಡುವಷ್ಟು ಸೌಜನ್ಯ ಸಾಮಾನ್ಯವಾಗಿ ಎಲ್ಲರಿಗೂ ಇರುತ್ತದೆ. ಕಾರಣ ಧಾರ್ಮಿಕವಾಗಿದ್ದರೆ ಗೌರವ ಸಿಗುತ್ತದೆ. ಕಾರಣ ತಿಂಗಳ ಕೊನೆಯಾಗಿದ್ದರೆ ಸಿಗುವುದಿಲ್ಲ.

ಒಂದು ಬಿಲ್ಲನ್ನು ಬಿಡಿಸಿ ನೋಡೋಣ. ಇದು ಉದಾಹರಣೆಗೆಂದು ನಾನೇ ಹಾಕಿದ ಲೆಕ್ಕ. ಆದರೆ ಅಹಮದಾಬಾದಿನ ಒಂದು ಸಾಧಾರಣ ‘ಪಂಜಾಬಿ’ ಹೋಟೆಲಿನಲ್ಲಿ ರಾತ್ರಿ ಊಟ ಮಾಡಿದ ಯಾರಿಗೂ ಇದು ಅಪರಿಚಿತವೆನ್ನಿಸದು. ಐದು ಜನ. ಮೇಜಿನ ನಡುವೆ ಎಲ್ಲರಿಗೂ ಎಂದು ಬಂದದ್ದು ಪನೀರಿನ ಪಲ್ಯ ಎರಡು, 640 ರೂಪಾಯಿ. ಕಾಜೂ ಕರಿ ಒಂದು, 360. ದಾಲ್ ಫ್ರೈ ಒಂದು, 220. ರೊಟ್ಟಿ ಹದಿನೈದು, 600. ಒಟ್ಟು 1,820. ಮೂವರು ಮೊದಲೇ ಬಂದು ಸ್ಟಾರ್ಟರ್ ತರಿಸಿದ್ದರು, 680. ಅದೇ ಮೂವರಿಗೆ ಮಾಕ್‌ಟೇಲು, 660. ಕೊನೆಗೆ ಇಬ್ಬರಿಗೆ ಬ್ರೌನಿ, 580. ತಡವಾಗಿ ಬಂದ ಐದನೆಯವನು ಎರಡು ರೊಟ್ಟಿ, ದಾಲ್, ಒಂದು ಮಜ್ಜಿಗೆ ತೆಗೆದುಕೊಂಡ, ಮಜ್ಜಿಗೆಗೆ 50. ಒಟ್ಟು 3,790. ಶೇಕಡಾ ಐದರ ಜಿಎಸ್‌ಟಿ, ಎರಡೂವರೆ ಕೇಂದ್ರಕ್ಕೆ ಎರಡೂವರೆ ರಾಜ್ಯಕ್ಕೆ, ಸೇರಿ 3,979 ರೂಪಾಯಿ 50 ಪೈಸೆ. ಹೋಟೆಲಿನವನು 3,980 ಎಂದು ಮುಗಿಸುತ್ತಾನೆ. ಯಾರೋ ಒಬ್ಬ ಫೋನು ತೆಗೆದು ಐದರಿಂದ ಭಾಗಿಸುತ್ತಾನೆ: ತಲೆಗೆ 796.

ಐದನೆಯವನು ನಿಜಕ್ಕೂ ತಿಂದದ್ದೆಷ್ಟು? ಕಟ್ಟುನಿಟ್ಟಾಗಿ ಹೋದರೆ, ಎರಡು ರೊಟ್ಟಿಗೆ 80, ಅರ್ಧ ದಾಲ್‌ಗೆ 110, ಮಜ್ಜಿಗೆ 50, ತೆರಿಗೆ ಸೇರಿ 252. ಆದರೆ ಯಾವ ಸ್ನೇಹಿತನೂ ಹೀಗೆ ಎಣಿಸಬಾರದು ಎಂಬುದನ್ನು ನಾನು ಒಪ್ಪುತ್ತೇನೆ. ಮೇಜಿನ ನಡುವೆ ಬಂದದ್ದು ಎಲ್ಲರದೂ. ಅವನು ಪನೀರು ಮುಟ್ಟದಿದ್ದರೆ ಅದು ಅವನ ಇಷ್ಟ. ಹಾಗೆ ಉದಾರವಾಗಿ ಹಿಡಿದರೂ, 1,820ರ ಐದನೇ ಒಂದು ಪಾಲು 364, ಮಜ್ಜಿಗೆ 50, ತೆರಿಗೆ ಸೇರಿ 435 ರೂಪಾಯಿಯ ಹತ್ತಿರ. ಅವನು ಕೊಡುವುದು 796. ಹೆಚ್ಚುವರಿ 361.

ಈಗ ಈ 361 ಎಲ್ಲಿಗೆ ಹೋಯಿತು ನೋಡಿ. ಉಳಿದ ನಾಲ್ವರಿಗೆ ಹಂಚಿದರೆ ಸರಾಸರಿ ತಲೆಗೆ ತೊಂಬತ್ತು ರೂಪಾಯಿ. ತೊಂಬತ್ತು ರೂಪಾಯಿ ಉಳಿಸಿದೆನೆಂದು ಯಾರಿಗೂ ಅನ್ನಿಸುವುದಿಲ್ಲ. ಯಾರೂ ಮೋಸ ಮಾಡಲು ಹೊರಟವರಲ್ಲ. ನಷ್ಟ ಒಬ್ಬನ ತಲೆಯ ಮೇಲೆ ಇಡಿಯಾಗಿ ಬೀಳುತ್ತದೆ, ಲಾಭ ನಾಲ್ವರಲ್ಲಿ ಕಾಣದಷ್ಟು ತೆಳ್ಳಗೆ ಹರಡುತ್ತದೆ. ಸಮಪಾಲನ್ನು ವಿರೋಧಿಸುವವನು ಯಾವಾಗಲೂ ಒಂಟಿಯಾಗಿರುವುದು ಅದಕ್ಕೇ. ನಾಲ್ವರಿಗೆ ವಿಷಯವೇ ಇಲ್ಲದ ಕಡೆ ಅವನೊಬ್ಬನಿಗೆ ಒಂದು ಹೊತ್ತಿನ ಊಟದಷ್ಟು ವಿಷಯವಿರುತ್ತದೆ. ಅವನು ಬಾಯಿ ತೆರೆದರೆ ಅವನ ಕಣ್ಣಿನಲ್ಲಿ ಅದು 361. ಗೆಳೆಯರ ಕಣ್ಣಿನಲ್ಲಿ ತೊಂಬತ್ತು ರೂಪಾಯಿಗೆ ಮುಖ ಕೆಡಿಸಿಕೊಂಡ ಅಲ್ಪ. ಮೀಮು ಬರುವುದು ಈ ಎರಡನೆಯ ಕಣ್ಣಿನಿಂದ.

ಬ್ರೌನಿಯ ವಿಷಯ ಇನ್ನೂ ಸ್ವಾರಸ್ಯದ್ದು. 290 ರೂಪಾಯಿಯ ಬ್ರೌನಿ ಸಮಪಾಲಿನ ಮೇಜಿನಲ್ಲಿ ಅದನ್ನು ತರಿಸಿದವನಿಗೆ ಬೀಳುವುದು 58 ರೂಪಾಯಿ. ಮಿಕ್ಕ 232 ಇತರರದು. 290ಕ್ಕೆ ಬೇಡವೆನ್ನುವವನಿಗೂ 58ಕ್ಕೆ ಬೇಕೆನ್ನಿಸುತ್ತದೆ. ಎಲ್ಲರಿಗೂ ಹೀಗೆ ಅನ್ನಿಸಿದಾಗ ಎಲ್ಲರ ಬಿಲ್ಲೂ ಏರುತ್ತದೆ. ಇದು ನನ್ನ ಕುಹಕವಲ್ಲ. ಯೂರಿ ನೀಜಿ, ಎರ್ನನ್ ಹರೂವಿ, ಹದಾಸ್ ಯಾಫೆ ಎಂಬ ಮೂವರು ಇಸ್ರೇಲಿನ ಹೈಫಾದ ಒಂದು ರೆಸ್ಟೋರೆಂಟಿನಲ್ಲಿ ಇದನ್ನು ಪ್ರಯೋಗ ಮಾಡಿಯೇ ನೋಡಿದರು. 2004ರಲ್ಲಿ ‘ಎಕನಾಮಿಕ್ ಜರ್ನಲ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಆರಾರು ವಿದ್ಯಾರ್ಥಿಗಳನ್ನು ಒಂದೊಂದು ಮೇಜಿಗೆ ಕೂರಿಸಿದರು. ತಮ್ಮ ತಮ್ಮ ಬಿಲ್ಲು ತಾವೇ ಕೊಡಬೇಕಿದ್ದವರು ಸರಾಸರಿ 37 ಶೆಕೆಲಿನಷ್ಟು ತರಿಸಿಕೊಂಡರು; ಸಮಪಾಲಿನವರು 51ರಷ್ಟು; ಪುಕ್ಕಟೆ ಎಂದಾಗ 82ರಷ್ಟು. ಅವರು ಪರಸ್ಪರ ಅಪರಿಚಿತರಾಗಿದ್ದರು, ನಿಜ. ಗೆಳೆಯರ ನಡುವೆ ದಾಕ್ಷಿಣ್ಯ ಸ್ವಲ್ಪ ತಡೆಯಬಹುದು. ಆದರೆ ಆ ದಾಕ್ಷಿಣ್ಯವೂ ಸಮವಾಗಿ ಹಂಚಿಕೆಯಾಗುವುದಿಲ್ಲ: ಕೈ ಬಿಗಿ ಇರುವವನು ಇತರರ ಖರ್ಚು ಏರದಿರಲಿ ಎಂದು ಮಜ್ಜಿಗೆ ತರಿಸುತ್ತಾನೆ, ಕೈ ಸಡಿಲ ಇರುವವನಿಗೆ ಆ ಯೋಚನೆಯೇ ಹೊಳೆಯುವುದಿಲ್ಲ. ಸಮಪಾಲು ಸಂಯಮಕ್ಕೆ ದಂಡ ಹಾಕುತ್ತದೆ.

ವಡೋದರಾದ ಒಂದು ಕಾರ್ಖಾನೆಯಲ್ಲಿ ತರಬೇತಿಗಿದ್ದ ಧಾರವಾಡ ಕಡೆಯ ಹುಡುಗನೊಬ್ಬ ಒಮ್ಮೆ ನನಗೆ ಹೇಳಿದ: ‘ಸರ, ಊಟಕ್ಕ ಕರೀತಾರ, ಪ್ರೀತೀಲೇನ ಕರೀತಾರ. ಆದ್ರ ಹೋಗೂಕಿಂತ ಮೊದ್ಲ ರೂಮಿನ್ಯಾಗ ಎರಡು ಬಾಳೆಹಣ್ಣು ತಿಂದು ಹೋಗ್ತೀನ್ರಿ. ಹಸಿವು ಕಮ್ಮಿ ಇದ್ರ ಕಮ್ಮಿ ಆರ್ಡರ್ ಮಾಡ್ಬಹುದು ಅಂತ. ಆಮ್ಯಾಲ ನೋಡಿದ್ರ ರೊಕ್ಕ ಎಲ್ಲಾರ್ದೂ ಒಂದ.’ ಅವನು ಎರಡು ತಿಂಗಳಲ್ಲಿ ಹೋಗುವುದನ್ನೇ ಬಿಟ್ಟ. ಗುಂಪಿನಲ್ಲಿ ಅವನಿಗೆ ‘ಬಿಜಿ ಮ್ಯಾನ್’ ಎಂಬ ಹೆಸರು ಬಂತು. ಇಂಥವರು ಮೀಮಿನಲ್ಲಿ ಕಾಣುವುದಿಲ್ಲ, ಏಕೆಂದರೆ ಅವರು ಲೆಕ್ಕ ಕೇಳುವುದಿಲ್ಲ. ಬರುವುದನ್ನು ನಿಲ್ಲಿಸುತ್ತಾರೆ, ಅಷ್ಟೆ. ಬಿಲ್ಲಿನ ಬಿಕ್ಕಟ್ಟು ಸ್ನೇಹವನ್ನು ಮುರಿಯುವ ರೀತಿ ಇದು: ಜಗಳವಿಲ್ಲದೆ, ಒಂದು ಖಾಲಿ ಕುರ್ಚಿಯ ಮೂಲಕ. ಕಾಲೇಜಿನಲ್ಲಿ ಎಲ್ಲರ ಕಿಸೆಯೂ ಒಂದೇ ಬಗೆಯಲ್ಲಿ ಖಾಲಿ. ಓದು ಮುಗಿದು ಮೂರು ವರ್ಷದೊಳಗೆ ಒಬ್ಬ ಸಾಫ್ಟ್‌ವೇರಿಗೆ, ಒಬ್ಬ ತಂದೆಯ ಬಟ್ಟೆ ಅಂಗಡಿಗೆ, ಒಬ್ಬ ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿಗೆ ಹೋಗಿರುತ್ತಾನೆ. ಆದರೆ ಫತೇಗಂಜಿನಲ್ಲಿ ಸೇವ್ ಉಸಳ್ ತಿನ್ನುತ್ತಿದ್ದಾಗಿನ ಸಮಪಾಲಿನ ರೂಢಿ ಹಾಗೇ ಉಳಿದಿರುತ್ತದೆ. ಸೇವ್ ಉಸಳ್‌ನಲ್ಲಿ ಅದು ಸರಿಯಾಗಿತ್ತು: ಎಲ್ಲರ ತಟ್ಟೆಯೂ ಒಂದೇ, ತರಿಯನ್ನು ಮತ್ತೆ ಮತ್ತೆ ಹಾಕಿಸಿಕೊಂಡವನಿಗೂ ಹಾಕಿಸಿಕೊಳ್ಳದವನಿಗೂ ವ್ಯತ್ಯಾಸ ಒಂದೆರಡು ಪಾವಿನದು. ತಟ್ಟೆ ಬದಲಾದರೂ ರೂಢಿ ಬದಲಾಗಲಿಲ್ಲ.

ಸೂರತ್ತಿನಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ವಜ್ರ ಉಜ್ಜುವ ಕೆಲಸಗಾರರನ್ನು ಅಲ್ಲಿ ‘ರತ್ನಕಲಾಕಾರ್’ ಎಂದು ಗೌರವದಿಂದ ಕರೆಯುತ್ತಾರೆ. ಹೆಚ್ಚಿನವರ ದುಡಿಮೆ ತುಂಡಿನ ಲೆಕ್ಕದ್ದು, ಉಜ್ಜಿದಷ್ಟೇ ಕೂಲಿ. ಕೆಲವು ವರ್ಷಗಳಿಂದ ವಜ್ರದ ವ್ಯಾಪಾರ ಕುಗ್ಗುತ್ತ ಬಂದು, 2025ರ ಅಮೆರಿಕದ ಸುಂಕ ಅದರ ಮೇಲೆ ಬಂದೆರಗಿದಾಗ, ಒಂದೇ ಗುಂಪಿನ ಗೆಳೆಯರಲ್ಲಿ ಕೆಲವರ ಸಂಪಾದನೆ ಇಳಿಯಿತು, ಕೆಲವರದು ಇಳಿಯಲಿಲ್ಲ. ‘ಸೂರತ್ತಿನ ಊಟ, ಕಾಶಿಯ ಮರಣ’ ಎಂದು ಗಾದೆಯೇ ಇರುವ ಊರದು. ಲೋಚೋ, ಘಾರಿ, ಚಳಿಗಾಲದ ಪೋಂಕ್, ಡುಮಸ್ ದಂಡೆಯ ಭಜಿಯಾ, ಇವುಗಳ ನಡುವೆ ‘ಈ ತಿಂಗಳು ನನಗಾಗದು’ ಎನ್ನುವುದು ಊರಿಗೇ ಬೆನ್ನು ತಿರುಗಿಸಿದಂತೆ. ಅಂಥವನಿಗೆ ಮೀಮು ಕಳಿಸಿ ನಗುವುದಕ್ಕೆ ಹಾಸ್ಯಪ್ರಜ್ಞೆಗಿಂತ ಬೇರೆ ಏನೋ ಬೇಕು.

ಆದರೆ ಸೂರತ್ತಿನ ಹೆಸರು ಎತ್ತಿದ್ದು ಬರೀ ಮರುಕಕ್ಕಲ್ಲ. ಮಹಿಧರಪುರದ ಹೀರಾ ಬಜಾರಿನಲ್ಲಿ ಬೀದಿಬದಿಯಲ್ಲಿ, ಸ್ಕೂಟರಿನ ಸೀಟಿನ ಮೇಲೆ, ಮಡಿಸಿದ ಕಾಗದದ ಪೊಟ್ಟಣದಲ್ಲಿ ವಜ್ರ ಕೈ ಬದಲಾಯಿಸುವುದನ್ನು ನೋಡಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಅಲ್ಲಿ ‘ಜಾಂಗಡ್’ ಎಂಬ ಪದ್ಧತಿಯಿದೆ. ಮಾಲನ್ನು ಮಾರದೆ, ನೋಡಿ ಒಪ್ಪಿದರೆ ಇಟ್ಟುಕೋ ಇಲ್ಲವೇ ಹಿಂದಿರುಗಿಸು ಎಂದು ನಂಬಿಕೆಯ ಮೇಲೆ ಕೊಡುವುದು. ಲಕ್ಷಗಟ್ಟಲೆ ಬೆಲೆಯ ಕಲ್ಲು ಒಂದು ಚೀಟಿಯ ಮೇಲೆ ಹೋಗುತ್ತದೆ. ಆದರೆ ಹೋಗುವ ಮುನ್ನ ತೂಗುತ್ತಾರೆ. ಕ್ಯಾರೆಟ್ಟಿನ ನೂರನೇ ಒಂದು ಭಾಗದವರೆಗೆ ತೂಗಿ, ತೂಕವನ್ನು ಬರೆದು, ಆಮೇಲೆ ಕೊಡುತ್ತಾರೆ. ‘ನನ್ನ ಎದುರೇ ತೂಗುತ್ತೀಯಾ, ನಂಬಿಕೆಯಿಲ್ಲವೇ’ ಎಂದು ಯಾರೂ ಕೆರಳುವುದಿಲ್ಲ. ತೂಗಿದ್ದರಿಂದಲೇ ನಂಬಿಕೆ ನಿಂತಿದೆ. ತೂಗದೆ ಕೊಟ್ಟಿದ್ದರೆ ನಾಳೆ ಇಬ್ಬರ ಮನಸ್ಸಿನಲ್ಲೂ ಒಂದೊಂದು ತೂಕ ಇರುತ್ತಿತ್ತು.

ಗುಜರಾತಿಯಲ್ಲಿ ಒಂದು ಮಾತಿದೆ: ಹಿಸಾಬು ಕೋಡಿಯದು, ಬಕ್ಷೀಸು ಲಕ್ಷದ್ದು. ಲೆಕ್ಕ ಮಾಡುವಾಗ ಕವಡೆಯನ್ನೂ ಬಿಡಬೇಡ; ಕೊಡುವಾಗ ಲಕ್ಷವನ್ನು ಎಣಿಸಬೇಡ. ಮೀಮು ಮಾಡುವವರು ಈ ಮಾತಿನ ಮೊದಲರ್ಧವನ್ನು ಮಾತ್ರ ಕೇಳಿಸಿಕೊಂಡಿದ್ದಾರೆ. ಮಾತಿನ ಕಸುವು ಇರುವುದು ಎರಡನ್ನೂ ಬೇರೆ ಬೇರೆ ಇಟ್ಟಿರುವುದರಲ್ಲಿ. ಲೆಕ್ಕ ಲೆಕ್ಕವಾಗಿರಲಿ, ದಾನ ದಾನವಾಗಿರಲಿ. ಯಾರಿಂದ ಯಾರಿಗೆ ಎಂದು ತಿಳಿಯದಂತೆ ಎರಡನ್ನೂ ಕಲಸಿದರೆ ಕೊಟ್ಟವನಿಗೆ ಕೊಟ್ಟ ಸುಖವೂ ಇಲ್ಲ, ಪಡೆದವನಿಗೆ ಕೃತಜ್ಞತೆಯೂ ಇಲ್ಲ. ಸಮಪಾಲಿನ ಮೇಜಿನಲ್ಲಿ ಆಗುವುದು ಇದೇ. ನಮ್ಮ ಐದನೆಯವನು ಆ ರಾತ್ರಿ ಗೆಳೆಯರಿಗೆ 361 ರೂಪಾಯಿಯ ಉಪಚಾರ ಮಾಡಿದ್ದಾನೆ. ಯಾರಾದರೂ ‘ಥ್ಯಾಂಕ್ಸ್ ಮಾರಾಯ’ ಎಂದರೇ? ಅವನು ಉಪಚಾರ ಮಾಡಿದ್ದು ಯಾರಿಗೂ ಗೊತ್ತೇ ಇಲ್ಲ. ದೀಪಾವಳಿಯಂದು ಕೆಂಪು ರಟ್ಟಿನ ಚೋಪಡಾಗಳಿಗೆ, ಈಗೀಗ ಲ್ಯಾಪ್‌ಟಾಪುಗಳಿಗೂ, ಅರಿಶಿನ ಕುಂಕುಮ ಹಚ್ಚಿ ಪೂಜಿಸುವ ಊರಿನವರಿಗೆ ಲೆಕ್ಕ ಎಂದರೆ ಲಜ್ಜೆಯಲ್ಲ ಎಂಬುದನ್ನು ನಾವು ಅವರ ದೌರ್ಬಲ್ಯವೆಂದು ಓದಿದೆವು.

ನಮ್ಮಲ್ಲಿ ಹೇಗಿದೆ ಎಂಬುದಕ್ಕೆ ಈಗ ಬರಬಹುದು. ನಮ್ಮ ಹೆಮ್ಮೆಯ ದೃಶ್ಯ ಗಲ್ಲಾಪೆಟ್ಟಿಗೆಯ ಮುಂದಿನದು: ಇಬ್ಬರು ಹಿರಿಯರು ಪರಸ್ಪರರ ಕೈ ಹಿಡಿದು ತಳ್ಳಾಡುತ್ತ ‘ನೀವು ಸುಮ್ನಿರಿ, ನಾನು ಕೊಡ್ತೀನಿ’ ಎನ್ನುವುದು, ಕ್ಯಾಷಿಯರ್ ಯಾರ ನೋಟು ಹಿಡಿಯಬೇಕೆಂದು ತಿಳಿಯದೆ ನಿಲ್ಲುವುದು. ಚೆಂದದ ದೃಶ್ಯವೇ. ಆದರೆ ಅದರ ಹಿಂದೆ ಲೆಕ್ಕ ಇಲ್ಲವೆಂದವರು ಯಾರು? ಇವತ್ತು ಕೊಟ್ಟವನಿಗೆ ನಾಳೆ ಯಾರು ಕೊಡಬೇಕೆಂಬುದು ಇಬ್ಬರಿಗೂ ಬಾಯಿಪಾಠ. ಮದುವೆ ಮನೆಯಲ್ಲಿ ಮುಯ್ಯಿ ಬರೆಯುವ ನೋಟುಬುಕ್ಕನ್ನು ನೆನೆದುಕೊಳ್ಳಿ: ಹೆಸರು, ಊರು, ಎದುರಿಗೆ ಮೊತ್ತ. ಹತ್ತು ವರ್ಷದ ನಂತರ ಅವರ ಮನೆಯ ಮದುವೆಗೆ ಹೊರಡುವ ಮುನ್ನ ಅಜ್ಜಿ ಟ್ರಂಕಿನಿಂದ ಆ ಪುಸ್ತಕ ತೆಗೆಸಿ ನೋಡುತ್ತಾಳೆ. ಗುಜರಾತಿಗಳಲ್ಲಿ ಇದಕ್ಕೆ ‘ಚಾಂದಲೋ’ ಎನ್ನುತ್ತಾರೆ, ಪುಸ್ತಕವೂ ಅದೇ, ಅಜ್ಜಿಯೂ ಅದೇ. ಮುಯ್ಯಿ ಬರೆಯುವುದು ಬಾಂಧವ್ಯ, ಪನೀರು ಬರೆಯುವುದು ಜಿಪುಣತನ ಎನ್ನುವ ವ್ಯತ್ಯಾಸ ಎಲ್ಲಿಂದ ಬಂತು ಎಂದು ಯಾರಾದರೂ ನನಗೆ ವಿವರಿಸಿದರೆ ಉಪಕಾರವಾದೀತು.

ಒಂದು ಆಕ್ಷೇಪವನ್ನು ಮಾತ್ರ ನಾನು ತಳ್ಳಿಹಾಕಲಾರೆ. ಮುಯ್ಯಿಯ ಪುಸ್ತಕ ಹತ್ತು ವರ್ಷ ಮುಚ್ಚಿಯೇ ಇರುತ್ತದೆ. ಫೋನಿನ ಲೆಕ್ಕ ಸದಾ ತೆರೆದಿರುತ್ತದೆ, ಎನ್ನುತ್ತಾರೆ. ಸರಿ. ಹಿಂದೆ ನಗದಿನ ಕಾಲದಲ್ಲಿ ಚಿಲ್ಲರೆಯ ಅಭಾವವೇ ಒಂದು ಕೃಪೆಯಾಗಿತ್ತು. 43 ರೂಪಾಯಿ ಕೊಡಬೇಕಾದವನು ನಲವತ್ತು ಕೊಡುತ್ತಿದ್ದ, ಇಲ್ಲವೇ ಐವತ್ತು ಕೊಟ್ಟು ‘ಇರಲಿ’ ಎನ್ನುತ್ತಿದ್ದ. ಆ ‘ಇರಲಿ’ಯಲ್ಲಿ ಸ್ನೇಹ ಉಸಿರಾಡುತ್ತಿತ್ತು. 2016ರಲ್ಲಿ ಯುಪಿಐ ಬಂದ ಮೇಲೆ 43 ಎಂದರೆ 43. ಅದರ ಮೇಲೆ Splitwise ಥರದ ಆ್ಯಪುಗಳು, ತಿಂಗಳುಗಟ್ಟಲೆಯ ಊಟ, ಪೆಟ್ರೋಲು, ಸಿನಿಮಾ ಎಲ್ಲವನ್ನೂ ಒಂದೇ ಖಾತೆಗೆ ಹಾಕಿ ಇಳಿಸುವಂಥವು. ಅವುಗಳ ಒಂದು ಚಮತ್ಕಾರ, ಸಾಲವನ್ನು ‘ಸರಳಗೊಳಿಸುವುದು’: ನಾನು ನಿನಗೆ ಇನ್ನೂರು ಕೊಡಬೇಕು, ನೀನು ಮೂರನೆಯವಳಿಗೆ ಇನ್ನೂರು ಕೊಡಬೇಕು ಎಂದಿದ್ದರೆ, ನಡುವೆ ನಿನ್ನನ್ನು ತೆಗೆದು ನಾನು ನೇರವಾಗಿ ಅವಳಿಗೆ ಕೊಡಬೇಕೆಂದು ತೋರಿಸುತ್ತದೆ. ಗಣಿತ ಸರಿ. ಆದರೆ ಮಾಣೆಕ್ ಚೌಕದಲ್ಲಿ ನಡುರಾತ್ರಿ ನನಗೆ ಸ್ಯಾಂಡ್‌ವಿಚ್ ಕೊಡಿಸಿದವನು ನೀನು. ನಾನು ಋಣಿಯಾಗಿರುವುದು ನಿನಗೆ. ಆ ಋಣವನ್ನು ನಾನು ಸರಿಯಾಗಿ ಪರಿಚಯವೂ ಇಲ್ಲದ ನಿನ್ನ ಸಹೋದ್ಯೋಗಿಗೆ ತೀರಿಸಿದಾಗ ನನ್ನ ನಿನ್ನ ನಡುವೆ ಏನು ಉಳಿಯಿತು? ಇಲ್ಲಿ ನಾನು ಮೀಮಿನವರ ಪಕ್ಷ. ಓಡುತ್ತಲೇ ಇರುವ ಖಾತೆ ಗೆಳೆತನಕ್ಕೆ ಒಳ್ಳೆಯದಲ್ಲ. ಪ್ರವಾಸಕ್ಕೆ ಹೋದಾಗ ಬೇಕು, ಬಂದ ಮೇಲೆ ಚುಕ್ತಾ ಮಾಡಿ ಅಳಿಸಬೇಕು.

ಹಾಗೆಯೇ, ಒಂದು ಗುಂಡಿ ಒತ್ತಿ ಎಲ್ಲರ ಫೋನಿಗೂ ಹಣದ ಕೋರಿಕೆ ಕಳಿಸುವ ಸೌಲಭ್ಯ. ಮುಖ ನೋಡದೆ ಕೇಳಬಹುದಾಗಿದ್ದ ಈ ದಾರಿಯನ್ನು ರಾಷ್ಟ್ರೀಯ ಪಾವತಿ ನಿಗಮವು 2025ರ ಅಕ್ಟೋಬರ್ 1ರಿಂದ ವ್ಯಕ್ತಿ ವ್ಯಕ್ತಿಗಳ ನಡುವೆ ಮುಚ್ಚಿಸಿತು. ಗೆಳೆತನ ಉಳಿಸಲಿಕ್ಕೇನೂ ಅಲ್ಲ. ಕೋರಿಕೆಯ ಹೆಸರಿನಲ್ಲಿ ವಂಚಕರು ಜನರಿಂದ ಹಣ ಕೀಳುತ್ತಿದ್ದುದಕ್ಕೆ. ಆದರೆ ಅದರ ಅಡ್ಡಪರಿಣಾಮವೊಂದಿದೆ. ಈಗ ಕೇಳಬೇಕಾದವನು ಮತ್ತೆ ಬಾಯಿಬಿಟ್ಟು ಕೇಳಬೇಕು, ಇಲ್ಲವೇ ಗುಂಪಿನಲ್ಲಿ ಕ್ಯೂಆರ್ ಚಿತ್ರ ಹಾಕಿ ಕಾಯಬೇಕು. ಬಿಲ್ಲು ಪೂರ್ತಿ ತಾನೇ ಕೊಟ್ಟು ಎಲ್ಲರಿಂದ ವಸೂಲಿಗೆ ಕೂರುವವನೂ ಹೀಗೆ ಹೊಸ ಬಲಿಪಶುವಾಗಿದ್ದಾನೆ. ಆ ಸಂಕೋಚ ಎಷ್ಟು ಹೆಚ್ಚೋ ಮೀಮುಗಳ ಬೆಳೆಯೂ ಅಷ್ಟು ಹೆಚ್ಚು: ನೇರವಾಗಿ ಕೇಳಲಾಗದ 796 ರೂಪಾಯಿಯನ್ನು ತಮಾಷೆಯ ನೋಟೀಸಿನ ರೂಪದಲ್ಲಿ ಕೇಳುತ್ತಾರೆ. ಉತ್ತರ ಬರದಿದ್ದರೆ ‘ತಮಾಷೆಗೆ ಕಳಿಸಿದ್ದು’ ಎನ್ನಬಹುದು, ಬಂದರೆ ಹಣ ಬಂತು. ಇದೊಂದೇ ಬಗೆಯ ಮೀಮಿನ ಮೇಲೆ ನನಗೆ ಸ್ವಲ್ಪ ಕನಿಕರವಿದೆ. ಅದರಲ್ಲಿ ನಗುವವನೇ ನಷ್ಟದಲ್ಲಿರುವವನು.

ಈ ಊರುಗಳ ಹಳೆಯ ಊಟದ ಪದ್ಧತಿಗಳಲ್ಲಿ ಈ ಪೇಚಾಟ ಇರಲಿಲ್ಲವೆಂಬುದು ಗಮನಿಸಬೇಕಾದದ್ದು. ಗುಜರಾತಿ ಥಾಲಿಯ ಬೆಲೆ ತಲೆಗೆ ಇಷ್ಟೆಂದು ಒಳಗೆ ಕಾಲಿಡುವ ಮುನ್ನವೇ ಗೊತ್ತು. ನಾಲ್ಕು ಫುಲ್ಕಾ ತಿಂದವನಿಗೂ ಹದಿನಾಲ್ಕು ತಿಂದವನಿಗೂ ಒಂದೇ ದರ. ಆದರೆ ಹೆಚ್ಚು ತಿಂದವನ ಭಾರ ಹೋಟೆಲಿನವನ ಮೇಲೆ, ಗೆಳೆಯನ ಮೇಲಲ್ಲ. ಕೈಯಲ್ಲಿ ಹಣವಿಲ್ಲದವನಿಗೆ ಮೊದಲೇ ನಿರ್ಧರಿಸುವ ಅವಕಾಶವಿದೆ. ಥಾಲಿಯ ಮೇಲೆ ಬಿಲ್ಲು ಹಂಚುವ ಮೀಮು ನಾನು ನೋಡಿಲ್ಲ. ಮೀಮು ಹುಟ್ಟುವುದು ಮೆನು ಕಾರ್ಡಿನ ಊಟದಲ್ಲಿ, ಒಬ್ಬನ ಆಯ್ಕೆಯ ಬೆಲೆ ಇನ್ನೊಬ್ಬನ ತಲೆಗೆ ಬೀಳುವ ಕಡೆ.

ಇನ್ನು ಅಹಮದಾಬಾದಿನ ‘ಅಡಧೀ’. ಚಹಾದ ಕಿಟ್ಲಿಗಳಲ್ಲಿ, ಅಂದರೆ ರಸ್ತೆಬದಿಯ ಚಹಾದ ಅಡ್ಡೆಗಳಲ್ಲಿ, ಅರ್ಧ ಚಹಾಕ್ಕೆ ಈ ಹೆಸರು. ನಮ್ಮ ಬೆಂಗಳೂರಿನ ಬೈಟು ಕಾಫಿಯ ಸೋದರಿ ಎನ್ನಬಹುದು. ಬೈಟು ಎಂದು ಕೂಗುವಾಗ ಯಾರಾದರೂ ನಾಚಿದ್ದನ್ನು ಕಂಡಿದ್ದೀರಾ? ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವುದು ಜಿಪುಣತನವೆಂದು ಯಾರೂ ಬಗೆಯಲಿಲ್ಲ. ಅದು ಇನ್ನಷ್ಟು ಹೊತ್ತು ನಿಂತು ಮಾತಾಡುವ ನೆಪವಾಯಿತು. ಬೈಟುವಿನ ಗುಟ್ಟು ಸರಳ. ಹಂಚಿಕೆಯ ಮಾತು ಕುಡಿಯುವ ಮೊದಲೇ, ಮಾಣಿಯ ಎದುರಿಗೇ, ಜೋರಾಗಿ ಆಗಿಬಿಡುತ್ತದೆ. ಕುಡಿದ ಮೇಲೆ ಮಾತಾಡಬೇಕಾದದ್ದು ಏನೂ ಇರುವುದಿಲ್ಲ. ರೆಸ್ಟೋರೆಂಟಿನಲ್ಲಿ ಇದು ತಲೆಕೆಳಗು: ತಿನ್ನುವ ಮೊದಲು ಮಾತಾಡುವುದು ಅಸಭ್ಯ, ತಿಂದ ಮೇಲೆ ಮಾತಾಡುವುದು ಅಲ್ಪತನ. ಬಾಯಿ ಬಿಡಲು ಯೋಗ್ಯವಾದ ಗಳಿಗೆಯೇ ಇಲ್ಲದಂತೆ ಮಾಡಿಟ್ಟು, ತಪ್ಪು ಗಳಿಗೆಯಲ್ಲಿ ಬಾಯಿಬಿಟ್ಟವನನ್ನು ಹಿಡಿದು ನಗುತ್ತೇವೆ.

ಮಾತಾಡುವ ಕೆಲಸ ಯಾರದು ಎಂಬ ಪ್ರಶ್ನೆಯಲ್ಲೇ ನನ್ನ ಜಗಳದ ತಿರುಳಿದೆ. ಅದು ಮಜ್ಜಿಗೆ ತರಿಸಿದವನದಲ್ಲ. ಸ್ಟಾರ್ಟರ್ ತರಿಸಿದ ಮೂವರದು. ‘ಇದು ನಮ್ಮ ಮೂವರ ಬಿಲ್ಲಿಗೆ’ ಎಂದು ಆರ್ಡರ್ ಬರೆಯುವವನಿಗೆ ಆಗಲೇ ಹೇಳಿದರೆ ಆಯಿತು. ಇಂದಿನ ಬಿಲ್ಲಿನ ಯಂತ್ರಗಳಲ್ಲಿ ಒಂದು ಮೇಜಿಗೆ ಎರಡು ಬಿಲ್ಲು ತೆಗೆಯುವುದು ಕಷ್ಟವೇನಲ್ಲ. ಕಷ್ಟವಾಗುವುದು ಊಟ ಮುಗಿದು, ಬಿಲ್ಲು ಮುದ್ರಣವಾದ ಮೇಲೆ ಕೇಳಿದರೆ. ಆಗ ಅದನ್ನು ರದ್ದು ಮಾಡಿಸಲು ಮ್ಯಾನೇಜರ್ ಬರಬೇಕು, ಹಿಂದೆ ಸರದಿಯಲ್ಲಿ ನಿಂತವರು ಕೆಮ್ಮುತ್ತಾರೆ, ಮಾಣಿ ಚಾವಣಿ ನೋಡುತ್ತಾನೆ. ಮೇಲಿನ ಉದಾಹರಣೆಯಲ್ಲಿ ಸ್ಟಾರ್ಟರು, ಮಾಕ್‌ಟೇಲು, ಬ್ರೌನಿ ಒಂದು ಬಿಲ್ಲಿಗೆ ಹೋಗಿದ್ದರೆ, ಉಳಿದ 1,870 ರೂಪಾಯಿಯನ್ನು ತೆರಿಗೆ ಸಮೇತ ಐದು ಪಾಲು ಮಾಡಿದಾಗ ತಲೆಗೆ 393 ಬೀಳುತ್ತಿತ್ತು. ಮಜ್ಜಿಗೆಯನ್ನೂ ಅದರಲ್ಲೇ ಸೇರಿಸಿದ್ದೇನೆ. ಅಷ್ಟರ ಮಟ್ಟಿಗೆ ‘ಇರಲಿ’ ಎನ್ನಬಹುದು.